ಕಿಡ್ನಿ ಕುಗ್ಗಿದ ಮಗುವಿಗೆ ಆಂಟಿಬಯಾಟಿಕ್: ಎಷ್ಟು, ಎಷ್ಟು ಹೊತ್ತಿಗೊಮ್ಮೆ?

ಆರು ವರ್ಷದ ಹುಡುಗನ ರಕ್ತಪರೀಕ್ಷೆಯ ವರದಿಯಲ್ಲಿ ಕ್ರಿಯಾಟಿನಿನ್ 1.1 ಎಂದಿದೆ. ಪಕ್ಕದ ಕಾಲಂನಲ್ಲಿ ಸಾಮಾನ್ಯ ಮಟ್ಟ 0.6ರಿಂದ 1.2 ಎಂದು ಅಚ್ಚಾಗಿದೆ. ಕೆಂಪು ಗುರುತಿಲ್ಲ, ದಪ್ಪಕ್ಷರವಿಲ್ಲ. ಓದಿದವರು ಕಿಡ್ನಿ ಸರಿಯಾಗಿದೆ ಎಂದುಕೊಂಡು ಕಾಗದ ಮಡಚಿಡುತ್ತಾರೆ. ಆದರೆ ಆ ಕಾಲಂ ಬೆಳೆದವರಿಗಾಗಿ ಬರೆದದ್ದು. ಈ ಹುಡುಗನ ಕಿಡ್ನಿಗಳು ಮಾಡಬೇಕಾದ ಕೆಲಸದಲ್ಲಿ ಮೂರನೇ ಒಂದು ಭಾಗವನ್ನಷ್ಟೇ ಮಾಡುತ್ತಿವೆ.

ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಲ್ಲಿ. ಮಗುವಿನ ಮೈಯಲ್ಲಿ ಸ್ನಾಯು ಕಡಿಮೆ, ಹಾಗಾಗಿ ಅದರ ರಕ್ತದಲ್ಲಿ ಇದೂ ಕಡಿಮೆ ಇರಬೇಕು. ಆರೋಗ್ಯವಾಗಿರುವ ಆರು ವರ್ಷದ ಮಗುವಿನಲ್ಲಿ 0.3ರಿಂದ 0.5ರ ಆಸುಪಾಸು. ಅಪ್ಪನಿಗೆ 1.1 ಸಹಜ, ಮಗನಿಗೆ ಅಲ್ಲ. ಮಕ್ಕಳ ಕಿಡ್ನಿ ಎಷ್ಟು ಸೋಸುತ್ತಿದೆ ಎಂದು ಅಂದಾಜು ಮಾಡಲು ಅಮೆರಿಕದ ಮಕ್ಕಳ ಕಿಡ್ನಿ ತಜ್ಞ ಜಾರ್ಜ್ ಶ್ವಾರ್ಟ್ಜ್ 1976ರಲ್ಲಿ ಒಂದು ಸೂತ್ರ ಕೊಟ್ಟರು. 2009ರಲ್ಲಿ ಅವರೂ ಅವರ ಸಂಗಡಿಗರೂ ಅದನ್ನು ತಿದ್ದಿ ಇನ್ನಷ್ಟು ಸರಳ ಮಾಡಿದರು. ಮಗುವಿನ ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು, 0.413ರಿಂದ ಗುಣಿಸಿ, ಕ್ರಿಯಾಟಿನಿನ್‌ನಿಂದ ಭಾಗಿಸಿದರೆ ಸಾಕು. ನಮ್ಮ ಹುಡುಗನ ಎತ್ತರ 104 ಸೆಂ.ಮೀ. 104ನ್ನು 0.413ರಿಂದ ಗುಣಿಸಿದರೆ ಸುಮಾರು 43, ಅದನ್ನು 1.1ರಿಂದ ಭಾಗಿಸಿದರೆ 39. ಎರಡು ವರ್ಷ ದಾಟಿದ ಆರೋಗ್ಯವಂತ ಮಗುವಿನಲ್ಲಿ ಇದು 120ರ ಹತ್ತಿರ ಇರುತ್ತದೆ. ಈ ಅಂಕಿಯನ್ನೇ ಡಾಕ್ಟರುಗಳು ಜಿಎಫ್‌ಆರ್ ಎನ್ನುತ್ತಾರೆ. ಬೆಳೆದ ಮನುಷ್ಯನ ಮೈಯಳತೆಗೆ ಸರಿಹೊಂದಿಸಿ ಹೇಳಿದರೆ, ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತದ್ರವ ಸೋಸಿ ಹೊರಬರುತ್ತದೆ ಎಂಬ ಲೆಕ್ಕ ಇದು.

ಈ ಹುಡುಗ ಯಾವುದೇ ಒಂದು ಮನೆಯ ಮಗುವಲ್ಲ, ವಿವರಿಸುವುದಕ್ಕಾಗಿ ನಾನು ಕಟ್ಟಿಕೊಂಡವನು. ಆದರೆ ಅವನ ಕಾಯಿಲೆ ಮಕ್ಕಳ ಕಿಡ್ನಿ ವಿಭಾಗದಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದು. ಮೂತ್ರ ಹೊರಬರುವ ನಾಳದ ಹಿಂಭಾಗದಲ್ಲಿ ಹುಟ್ಟಿನಿಂದಲೇ ಒಂದು ಪೊರೆ ಅಡ್ಡ ಬೆಳೆದಿರುತ್ತದೆ. ಗಂಡುಮಕ್ಕಳಲ್ಲಿ ಮಾತ್ರ ಕಾಣುವ ಇದನ್ನು ಪೋಸ್ಟೀರಿಯರ್ ಯುರೆತ್ರಲ್ ವಾಲ್ವ್ ಎನ್ನುತ್ತಾರೆ. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಮೂತ್ರ ಹಿಂದಕ್ಕೆ ಒತ್ತಿ ಕಿಡ್ನಿಗೆ ಪೆಟ್ಟಾಗಿರುತ್ತದೆ. ಹುಟ್ಟಿದ ಮೇಲೆ ದುರ್ಬೀನು ಹಾಕಿ ಪೊರೆ ಕತ್ತರಿಸಿದರೂ ಆಗಲೇ ಆದ ಪೆಟ್ಟು ಪೂರ್ತಿ ವಾಸಿಯಾಗುವುದಿಲ್ಲ. ಇಂಥ ಮಕ್ಕಳಿಗೆ ಮೂತ್ರದ ಸೋಂಕು ಮತ್ತೆ ಮತ್ತೆ ಬರುತ್ತದೆ, ಬಂದಾಗಲೆಲ್ಲ ಆಂಟಿಬಯಾಟಿಕ್ ಬೇಕಾಗುತ್ತದೆ. ಹೆಚ್ಚಿನ ಆಂಟಿಬಯಾಟಿಕ್‌ಗಳು ಮೈಯಿಂದ ಹೊರಹೋಗುವುದು ಅದೇ ಕಿಡ್ನಿಯ ಮೂಲಕ.

ಹುಡುಗನ ತೂಕ 16 ಕಿಲೋ. ಎರಡು ದಿನದಿಂದ ಚಳಿಜ್ವರ, ವಾಂತಿ, ಏನೂ ಒಳಗೆ ನಿಲ್ಲುತ್ತಿಲ್ಲ. ತಾಲ್ಲೂಕು ಆಸ್ಪತ್ರೆಗೆ ಕರೆತಂದಾಗ ತುಟಿ ಒಣಗಿ, ಕಣ್ಣು ಗುಳಿಬಿದ್ದು, ಕೈಕಾಲು ತಣ್ಣಗಾಗಿವೆ. ಅಲ್ಲಿನ ಡಾಕ್ಟರು ಗ್ಲೂಕೋಸಲ್ಲ, ಉಪ್ಪಿನಂಶದ ಸಲೈನ್ ಡ್ರಿಪ್ ಹಾಕಿ, ಮೂತ್ರದ ಮಾದರಿ ತೆಗೆದು, ಕಿಲೋಗೆ 15 ಮಿ.ಗ್ರಾಂ ಲೆಕ್ಕದಲ್ಲಿ 240 ಮಿ.ಗ್ರಾಂ ಅಮಿಕಾಸಿನ್ ಇಂಜೆಕ್ಷನ್ ಕೊಟ್ಟು ಜಿಲ್ಲಾ ಕೇಂದ್ರದ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಅಲ್ಲಿ ಮಾಡಿದ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 2.4ಕ್ಕೆ ಏರಿದೆ. ಸೂತ್ರಕ್ಕೆ ಹಾಕಿದರೆ ಜಿಎಫ್‌ಆರ್ 18.

ಈಗ ಇಬ್ಬರು ಡಾಕ್ಟರುಗಳ ಮನಸ್ಸಿನಲ್ಲಿ ಬರಬಹುದಾದ ಮೊದಲ ಯೋಚನೆ ಒಂದೇ. ಕಿಡ್ನಿ ಕೆಟ್ಟಿರುವ ಮಗುವಿಗೆ ಪೂರ್ತಿ ಡೋಸ್ ಕೊಟ್ಟುಬಿಟ್ಟರಲ್ಲ! ಬಂಧುಗಳಲ್ಲಿ ತಿಳಿದವರು ಯಾರಾದರೂ ಇದ್ದರೆ ಅವರೂ ಇದನ್ನೇ ಕೇಳುತ್ತಾರೆ. ಆದರೆ ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಮಾಡಿದ್ದು ಸರಿಯಾದ ಕೆಲಸ.

ಹಂಡೆ ತುಂಬಲು ಎಷ್ಟು ಕೊಡ ನೀರು ಬೇಕು ಎನ್ನುವುದನ್ನು ಹಂಡೆಯ ಗಾತ್ರ ಹೇಳುತ್ತದೆ, ಅದರ ತಳದ ನಲ್ಲಿ ಎಷ್ಟು ಸಣ್ಣಗೆ ಹರಿಯುತ್ತದೆ ಎನ್ನುವುದು ಹೇಳುವುದಿಲ್ಲ. ಮೊದಲ ಡೋಸ್ ಮಗುವಿನ ಮೈಯೊಳಗಿನ ನೀರಿನಲ್ಲಿ ಹರಡಿಕೊಳ್ಳಬೇಕು. ಆ ನೀರಿನ ಪ್ರಮಾಣ ಕಿಡ್ನಿ ಕುಗ್ಗಿದ ಮಾತ್ರಕ್ಕೆ ಕಡಿಮೆಯಾಗುವುದಿಲ್ಲ. ರಕ್ತಕ್ಕೆ ಸೋಂಕು ಹರಡಿ, ಡ್ರಿಪ್ ಏರಿಸಿ, ಮೈ ಊದಿಕೊಂಡ ಮಗುವಿನಲ್ಲಿ ಅದು ಹೆಚ್ಚೇ ಇರಬಹುದು. ಹೀಗಾಗಿ ಮೊದಲ ಡೋಸನ್ನು ಕಿಡ್ನಿ ನೋಡಿ ತಗ್ಗಿಸುವುದಿಲ್ಲ. ತಗ್ಗಿಸಿದರೆ ಸೋಂಕು ಅತಿ ಜೋರಾಗಿರುವ ಗಳಿಗೆಯಲ್ಲೇ ಔಷಧ ಬೇಕಾದ ಮಟ್ಟ ಮುಟ್ಟುವುದಿಲ್ಲ. ಕಿಡ್ನಿಯ ಪ್ರಶ್ನೆ ಹುಟ್ಟುವುದು ಎರಡನೆಯ ಡೋಸಿನಿಂದ. ಅದನ್ನು ಯಾವಾಗ ಕೊಡಬೇಕು, ಎಷ್ಟು ಕೊಡಬೇಕು?

ಇವು ಎರಡು ಬೇರೆ ಬೇರೆ ಪ್ರಶ್ನೆಗಳು. ಈ ಲೇಖನ ಬರೆಯಲು ಕೂತದ್ದೇ ಆ ವ್ಯತ್ಯಾಸವನ್ನು ಬಿಡಿಸಿ ಹೇಳುವುದಕ್ಕೆ. 'ಕಿಡ್ನಿ ತೊಂದರೆ ಇದೆ, ಅರ್ಧ ಡೋಸ್ ಕೊಡಿ' ಎಂಬ ಮಾತು ಕೇಳಲು ಎಚ್ಚರಿಕೆಯದಾಗಿ ತೋರುತ್ತದೆ. ಕೆಲವು ಔಷಧಗಳಿಗೆ ಅದು ಸರಿ. ಅಮಿಕಾಸಿನ್, ಜೆಂಟಾಮೈಸಿನ್ ಗುಂಪಿಗೆ ಅದೇ ಮಾತು ಎರಡು ಕಡೆಯಿಂದಲೂ ನಷ್ಟ.

ಲೆಕ್ಕ ಹಾಕಿಯೇ ನೋಡೋಣ. 240 ಮಿ.ಗ್ರಾಂ ಅಮಿಕಾಸಿನ್ 16 ಕಿಲೋ ಹುಡುಗನ ಮೈಯಲ್ಲಿ ಹರಡಿದಾಗ ರಕ್ತದಲ್ಲಿ ಲೀಟರಿಗೆ ಸುಮಾರು 50 ಮಿ.ಗ್ರಾಂ ಮಟ್ಟಕ್ಕೆ ಏರುತ್ತದೆ. ಕಿಡ್ನಿ ಚೆನ್ನಾಗಿರುವ ಮಗುವಿನಲ್ಲಿ ಒಂದೂವರೆ, ಎರಡು ಗಂಟೆಗೊಮ್ಮೆ ಅದು ಅರ್ಧಕ್ಕಿಳಿಯುತ್ತಾ ಮರುದಿನ ಅದೇ ಹೊತ್ತಿಗೆ ಇಲ್ಲವೆನ್ನುವಷ್ಟಾಗಿರುತ್ತದೆ. ಜಿಎಫ್‌ಆರ್ 18 ಇರುವ ನಮ್ಮ ಹುಡುಗನಲ್ಲಿ ಅರ್ಧಕ್ಕಿಳಿಯಲು ಸುಮಾರು 8 ಗಂಟೆ ಬೇಕು. 50 ಇದ್ದದ್ದು 8 ಗಂಟೆಯ ಮೇಲೆ 25, ಹದಿನಾರಕ್ಕೆ ಹನ್ನೆರಡೂವರೆ, ಇಪ್ಪತ್ತನಾಲ್ಕಕ್ಕೆ 6. ಮುಂದಿನ ಡೋಸ್ ಕೊಡುವ ಮುನ್ನ ಇದು 5ಕ್ಕಿಂತ ಕೆಳಗಿರಬೇಕು ಎಂಬುದು ಸಾಮಾನ್ಯವಾಗಿ ಪಾಲಿಸುವ ಮಿತಿ, ಇನ್ನೂ ಕೆಳಗಿನ ಮಿತಿ ಇಟ್ಟುಕೊಂಡ ಆಸ್ಪತ್ರೆಗಳೂ ಇವೆ. ಅಂದರೆ ಮರುದಿನ ಕಣ್ಣುಮುಚ್ಚಿ ಎರಡನೆಯ ಇಂಜೆಕ್ಷನ್ ಕೊಟ್ಟರೆ ಹಳೆಯದರ ಮೇಲೆ ಹೊಸದು ಕೂರುತ್ತದೆ. ಕಾದರೆ 48 ಗಂಟೆಗೆ ಅದು 1ಕ್ಕಿಂತ ಕೆಳಗಿಳಿಯುತ್ತದೆ.

ಈಗ ಎರಡು ದಾರಿ ಇಟ್ಟು ಹೋಲಿಸಿ. ಒಂದರಲ್ಲಿ ಅರ್ಧ ಡೋಸ್, 120 ಮಿ.ಗ್ರಾಂ, ದಿನಕ್ಕೊಮ್ಮೆ. ಇನ್ನೊಂದರಲ್ಲಿ ಪೂರ್ತಿ 240 ಮಿ.ಗ್ರಾಂ, ಎರಡು ದಿನಕ್ಕೊಮ್ಮೆ. ಎರಡು ದಿನದಲ್ಲಿ ಮೈಗೆ ಹೋದ ಔಷಧ ಎರಡರಲ್ಲೂ ಅಷ್ಟೇ. ಆದರೆ ಮೊದಲ ದಾರಿಯಲ್ಲಿ ಮಟ್ಟ 28ರ ಆಸುಪಾಸಿಗಷ್ಟೇ ಏರುತ್ತದೆ, ಇಳಿದರೂ ಮೂರೂವರೆಯ ಹತ್ತಿರ ನಿಲ್ಲುತ್ತದೆ. ಎರಡನೆಯದರಲ್ಲಿ 50ಕ್ಕೆ ಏರಿ 0.8ಕ್ಕೆ ಇಳಿಯುತ್ತದೆ.

ಈ ಏರಿಳಿತ ಯಾಕೆ ಅಷ್ಟು ಮುಖ್ಯ? ಅಮಿಕಾಸಿನ್ ರೋಗಾಣುವನ್ನು ಕೊಲ್ಲುವುದು ತನ್ನ ಎತ್ತರದಿಂದ. ಒಂದು ರೋಗಾಣುವಿನ ಬೆಳವಣಿಗೆ ತಡೆಯಲು ಲೀಟರಿಗೆ 4 ಮಿ.ಗ್ರಾಂ ಬೇಕಿದೆ ಎನ್ನಿ. ರಕ್ತದ ಮಟ್ಟ ಅದರ ಎಂಟು ಹತ್ತು ಪಟ್ಟು ಮುಟ್ಟಿದಾಗ ಕೊಲ್ಲುವ ಕೆಲಸ ಚೆನ್ನಾಗಿ ನಡೆಯುತ್ತದೆ. 50 ಎಂದರೆ ಹನ್ನೆರಡು ಪಟ್ಟು, 28 ಎಂದರೆ ಏಳೇ ಪಟ್ಟು. ಒಮ್ಮೆ ಬಲವಾಗಿ ಪೆಟ್ಟು ತಿಂದ ರೋಗಾಣು ಔಷಧ ಇಳಿದ ಮೇಲೂ ಕೆಲವು ಗಂಟೆ ತಲೆ ಎತ್ತುವುದಿಲ್ಲ. ಹೀಗಾಗಿ ನಡುವೆ ಮಟ್ಟ ಕುಸಿದರೂ ಭಯವಿಲ್ಲ.

ಇನ್ನು ಹಾನಿಯ ಕಡೆ. ಇದೇ ಔಷಧ ಕಿಡ್ನಿಯ ಸೂಕ್ಷ್ಮನಾಳಗಳ ಜೀವಕೋಶಗಳಲ್ಲೂ ಒಳಗಿವಿಯ ಕೂದಲಿನಂಥ ಜೀವಕೋಶಗಳಲ್ಲೂ ಸೇರಿಕೊಂಡು ಅವನ್ನು ಕೆಡಿಸುತ್ತದೆ. ಕಿಡ್ನಿಯ ಆ ಜೀವಕೋಶಗಳು ಔಷಧವನ್ನು ಒಳಗೆಳೆದುಕೊಳ್ಳುವ ವೇಗಕ್ಕೆ ಒಂದು ಮಿತಿ ಇದೆ. ರಕ್ತದಲ್ಲಿ 50 ಇದ್ದಾಗ ಹತ್ತಿದ್ದಕ್ಕಿಂತ ಐದು ಪಟ್ಟು ಎಳೆದುಕೊಳ್ಳುವುದಿಲ್ಲ. ಆದ್ದರಿಂದ ಸ್ವಲ್ಪ ಹೊತ್ತಿನ ದೊಡ್ಡ ಏರಿಕೆಗಿಂತ, ಎಂದೂ ಖಾಲಿಯಾಗದೆ ದಿನಗಟ್ಟಲೆ ನಿಂತ ಸಣ್ಣ ಮಟ್ಟವೇ ಹೆಚ್ಚು ಹಾನಿ ಮಾಡುತ್ತದೆ. ಅರ್ಧ ಡೋಸನ್ನು ದಿನವೂ ಕೊಡುವ ದಾರಿಯಲ್ಲಿ ರೋಗಾಣುವಿಗೆ ಪೆಟ್ಟು ಕಡಿಮೆ, ಕಿಡ್ನಿಗೂ ಕಿವಿಗೂ ಬಿಡುವಿಲ್ಲ. ಇಂಥ ಔಷಧದಲ್ಲಿ ಡೋಸ್ ಹಾಗೇ ಇಟ್ಟು ಅಂತರ ಹಿಗ್ಗಿಸುತ್ತಾರೆ.

ನವಜಾತ ಶಿಶುಗಳ ವಾರ್ಡಿನಲ್ಲಿ ಇದು ದಿನನಿತ್ಯದ ಕೆಲಸ. ಹುಟ್ಟಿದ ಕೂಸಿನ ಕಿಡ್ನಿ ಇನ್ನೂ ಬಲಿತಿರುವುದಿಲ್ಲ, ಅವಧಿಗೆ ಮುನ್ನ ಹುಟ್ಟಿದ್ದರೆ ಇನ್ನೂ ಎಳೆಯದು. ಬಹಳ ಕಡೆ ಬಳಸುವ ಒಂದು ಪಟ್ಟಿಯ ಪ್ರಕಾರ ಮೊದಲ ವಾರದಲ್ಲಿ, ತಿಂಗಳು ತುಂಬಿ ಹುಟ್ಟಿದ ಕೂಸಿಗೆ ಜೆಂಟಾಮೈಸಿನ್ ಕಿಲೋಗೆ 4 ಮಿ.ಗ್ರಾಂ, 24 ಗಂಟೆಗೊಮ್ಮೆ. 29 ವಾರಕ್ಕೂ ಮುನ್ನ ಹುಟ್ಟಿದ ಕೂಸಿಗೆ ಕಿಲೋಗೆ 5 ಮಿ.ಗ್ರಾಂ, 48 ಗಂಟೆಗೊಮ್ಮೆ. ಕಿಡ್ನಿ ಹೆಚ್ಚು ಎಳೆಯದಾದ ಕೂಸಿಗೇ ಕಿಲೋ ಲೆಕ್ಕದಲ್ಲಿ ಡೋಸ್ ಹೆಚ್ಚು! ಅದರ ಮೈಯಲ್ಲಿ ನೀರಿನ ಪಾಲು ಹೆಚ್ಚಿರುವುದರಿಂದ ಡೋಸ್ ದೊಡ್ಡದು, ಹೊರಹೋಗುವುದು ನಿಧಾನವಾದ್ದರಿಂದ ಅಂತರ ಉದ್ದ. ಎರಡೂ ಬೇರೆ ಬೇರೆ ಕಾರಣಕ್ಕೆ ಬದಲಾಗುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ನಮ್ಮ ಹುಡುಗನ ವಿಷಯಕ್ಕೆ ಬರೋಣ. ದೊಡ್ಡ ಆಸ್ಪತ್ರೆಯ ಡಾಕ್ಟರು ಅಮಿಕಾಸಿನ್‌ನ ಎರಡನೆಯ ಡೋಸ್ ಕೊಡುವುದೇ ಬೇಡ ಎಂದು ತೀರ್ಮಾನಿಸುತ್ತಾರೆ. ಮೊದಲೇ ಸೋತಿರುವ ಕಿಡ್ನಿಗೆ ಹಾನಿ ಮಾಡಬಲ್ಲ ಔಷಧವನ್ನು, ಬೇರೆ ದಾರಿ ಇರುವಾಗ ಮುಂದುವರಿಸಬಾರದು. ಅಂತರ ಹೊಂದಿಸುವ ಲೆಕ್ಕಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಕಿಡ್ನಿಯನ್ನು ನೆಚ್ಚದ ಔಷಧವೇ ಸಾಕಾಗುವುದಾದರೆ ಲೆಕ್ಕದ ತೊಡಕೇ ಇಲ್ಲ. ಸೆಫ್ಟ್ರಿಯಾಕ್ಸೋನ್ ಅರ್ಧದಷ್ಟು ಪಿತ್ತದ ಮೂಲಕವೂ ಹೊರಹೋಗುವುದರಿಂದ, ಯಕೃತ್ತು ಚೆನ್ನಾಗಿದ್ದರೆ ಸಾಮಾನ್ಯವಾಗಿ ಡೋಸ್ ಬದಲಿಸಬೇಕಿಲ್ಲ. ಆದರೆ ಈ ಹುಡುಗನ ಹಿಂದಿನ ಸೋಂಕಿನಲ್ಲಿ ಬೆಳೆದ ಇ. ಕೋಲೈ ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗದ ಜಾತಿಯದು ಎಂದು ಹಳೆಯ ಕಡತ ಹೇಳುತ್ತಿದೆ. ಆದ್ದರಿಂದ ಮೆರೋಪೆನಮ್.

ಮೆರೋಪೆನಮ್ ಬೇರೆಯೇ ಸ್ವಭಾವದ್ದು. ಪೆನಿಸಿಲಿನ್, ಅಮಾಕ್ಸಿಸಿಲಿನ್, ಸೆಫಲೋಸ್ಪೊರಿನ್‌ಗಳೆಲ್ಲ ಇದೇ ಮನೆತನದವು. ಇವು ಎತ್ತರದಿಂದ ಕೊಲ್ಲುವುದಿಲ್ಲ, ಹೊತ್ತಿನಿಂದ ಕೊಲ್ಲುತ್ತವೆ. ರೋಗಾಣುವನ್ನು ತಡೆಯಲು ಬೇಕಾದ ಮಟ್ಟವನ್ನು ನಾಲ್ಕೈದು ಪಟ್ಟು ದಾಟಿದ ಮೇಲೆ ಇನ್ನಷ್ಟು ಏರಿಸಿ ಹೆಚ್ಚಿನ ಲಾಭವಿಲ್ಲ. ಆ ಮಟ್ಟದ ಮೇಲೆ ಎಷ್ಟು ಹೊತ್ತು ನಿಂತಿತು ಎನ್ನುವುದೇ ಲೆಕ್ಕ. ಮೆರೋಪೆನಮ್ ಎರಡು ಡೋಸ್‌ಗಳ ನಡುವಿನ ಅವಧಿಯಲ್ಲಿ ಕನಿಷ್ಠ ಶೇಕಡಾ 40ರಷ್ಟು ಹೊತ್ತಾದರೂ ಮೇಲಿರಬೇಕು, ರೋಗ ತೀವ್ರವಾಗಿದ್ದರೆ ಇನ್ನೂ ಹೆಚ್ಚು. ಕಿಡ್ನಿ ನಿಧಾನವಾದಾಗ ಔಷಧ ತಾನಾಗಿಯೇ ಹೆಚ್ಚು ಹೊತ್ತು ಉಳಿಯುತ್ತದೆ. ಹಾಗಾಗಿ ಇಲ್ಲಿ ಅಂತರವನ್ನೂ ಸ್ವಲ್ಪ ಹಿಗ್ಗಿಸಬಹುದು, ಡೋಸನ್ನೂ ಇಳಿಸಬಹುದು. ಆದರೆ ಅಮಿಕಾಸಿನ್ ಹಾಗೆ ಎರಡು ದಿನ ಬಿಟ್ಟರೆ ರೋಗಾಣುವಿಗೆ ಮತ್ತೆ ಬೆಳೆಯಲು ಬಿಡುವು ಸಿಕ್ಕಿಬಿಡುತ್ತದೆ.

ಕಿಡ್ನಿ ಸರಿಯಿರುವ ಮಗುವಿಗೆ ಇದು ಕಿಲೋಗೆ 20 ಮಿ.ಗ್ರಾಂ, ಎಂಟು ಗಂಟೆಗೊಮ್ಮೆ. ನಮ್ಮ ಹುಡುಗನಿಗೆ ಒಂದು ಸಲಕ್ಕೆ 320 ಮಿ.ಗ್ರಾಂ. ದೊಡ್ಡವರಿಗಾಗಿ ಔಷಧದ ಜೊತೆ ಬರುವ ಪಟ್ಟಿಯಲ್ಲಿ ಸೋಸುವ ವೇಗ 26ರಿಂದ 50 ಇದ್ದರೆ ಪೂರ್ತಿ ಡೋಸ್ 12 ಗಂಟೆಗೊಮ್ಮೆ, 10ರಿಂದ 25 ಇದ್ದರೆ ಅರ್ಧ ಡೋಸ್ 12 ಗಂಟೆಗೊಮ್ಮೆ, 10ಕ್ಕಿಂತ ಕಡಿಮೆಯಾದರೆ ಅರ್ಧ ಡೋಸ್ ದಿನಕ್ಕೊಮ್ಮೆ ಎಂದಿದೆ. ಮಕ್ಕಳಿಗೆ? ಕಿಡ್ನಿ ತೊಂದರೆ ಇರುವ ಮಕ್ಕಳಲ್ಲಿ ಬಳಸಿದ ಅನುಭವವಿಲ್ಲ ಎಂದು ಅಮೆರಿಕದ ಔಷಧ ಪತ್ರಿಕೆಯಲ್ಲೇ ಬರೆದಿದೆ. ಮಕ್ಕಳ ಡಾಕ್ಟರುಗಳು ದೊಡ್ಡವರ ಪಟ್ಟಿಯನ್ನೇ ಕಿಲೋ ಲೆಕ್ಕಕ್ಕೆ ಇಳಿಸಿಕೊಂಡು ಕೆಲಸ ಮಾಡುತ್ತಾರೆ. ಒಂದು ಕೈಪಿಡಿಯಲ್ಲಿರುವ ಸಂಖ್ಯೆ ಇನ್ನೊಂದರಲ್ಲಿ ಸ್ವಲ್ಪ ಬೇರೆ ಇರುವುದು ಇದಕ್ಕೇ. ಇದನ್ನು ಓದುಗರಿಂದ ಮುಚ್ಚಿಡಬಾರದು ಎಂದೇ ನನ್ನ ನಿಲುವು. ಪಟ್ಟಿ ಒಂದು ಆರಂಭ ಮಾತ್ರ, ಮಗುವನ್ನು ನೋಡುತ್ತಾ ಅದನ್ನು ತಿದ್ದಬೇಕು.

ಪಟ್ಟಿಯಂತೆ ಹೋದರೆ ಜಿಎಫ್‌ಆರ್ 18ಕ್ಕೆ ಅರ್ಧ ಡೋಸ್, ಅಂದರೆ 160 ಮಿ.ಗ್ರಾಂ, 12 ಗಂಟೆಗೊಮ್ಮೆ. ಅನುಭವಿ ಡಾಕ್ಟರು ಇಲ್ಲಿ ತಡೆದು ಯೋಚಿಸುತ್ತಾರೆ. ಈ 18 ನಂಬಬಹುದಾದ ಅಂಕಿಯೇ? ಶ್ವಾರ್ಟ್ಜ್ ಸೂತ್ರ ಕ್ರಿಯಾಟಿನಿನ್ ಒಂದು ಮಟ್ಟದಲ್ಲಿ ನಿಂತಿರುವಾಗ ಹೊಂದುತ್ತದೆ, ಏರುತ್ತಲೋ ಇಳಿಯುತ್ತಲೋ ಇರುವಾಗ ಅಲ್ಲ. ಕಿಡ್ನಿ ಇಂದು ಬೆಳಿಗ್ಗೆ ಪೂರ್ತಿ ನಿಂತರೂ ಕ್ರಿಯಾಟಿನಿನ್ ಒಮ್ಮೆಲೇ ಜಿಗಿಯುವುದಿಲ್ಲ, ಒಂದೆರಡು ದಿನ ಹಿಡಿದು ಮೆಲ್ಲಗೆ ಏರುತ್ತದೆ. ಆಗ ವರದಿಯ ಅಂಕಿ ನಿಜಕ್ಕಿಂತ ಒಳ್ಳೆಯ ಚಿತ್ರ ಕೊಡುತ್ತದೆ. ಕಿಡ್ನಿ ಚೇತರಿಸಿಕೊಳ್ಳುತ್ತಿರುವಾಗ ಇದರ ತಿರುವುಮುರುವು, ಅಂಕಿ ನಿಜಕ್ಕಿಂತ ಕೆಟ್ಟದಾಗಿ ಕಾಣುತ್ತದೆ.

ನಮ್ಮ ಹುಡುಗನ ಕಿಡ್ನಿ ಹಠಾತ್ತಾಗಿ ಕುಸಿದಿರುವುದಕ್ಕೆ ಮೈ ಒಣಗಿದ್ದೇ ದೊಡ್ಡ ಕಾರಣ. ದ್ರವ ಕೊಟ್ಟರೆ ಒಂದೆರಡು ದಿನದಲ್ಲಿ ತನ್ನ ಹಳೆಯ 39ಕ್ಕೆ ಮರಳುವ ಸಾಧ್ಯತೆ ಹೆಚ್ಚು. ಮೆರೋಪೆನಮ್ ಒಂದು ದಿನ ಸ್ವಲ್ಪ ಹೆಚ್ಚಾದರೆ ಆಗುವ ಹಾನಿ ಅಷ್ಟಿಲ್ಲ, ರಕ್ತದಲ್ಲಿ ಸೋಂಕಿರುವ ಮೊದಲ ದಿನವೇ ಕಡಿಮೆಯಾದರೆ ಆಗುವ ಹಾನಿ ದೊಡ್ಡದು. ಇಂಥ ಸುರಕ್ಷಿತ ಔಷಧಗಳನ್ನು ಮೊದಲ 48 ಗಂಟೆ ಕಡಿತ ಮಾಡಲು ಅವಸರಪಡಬೇಡಿ ಎಂಬ ವಾದ ಕೆಲವು ವರ್ಷಗಳಿಂದ ತಜ್ಞರ ನಡುವೆ ಬಲ ಪಡೆದಿದೆ. ನನಗೂ ಅದು ಒಪ್ಪಿಗೆಯಾಗುತ್ತದೆ. ಅಮಿಕಾಸಿನ್‌ನಂಥ ಔಷಧಕ್ಕೆ ಮಾತ್ರ ಈ ರಿಯಾಯಿತಿ ಇಲ್ಲ. ಡಾಕ್ಟರು ಅರ್ಧ ಮಾಡದೆ 320 ಮಿ.ಗ್ರಾಂ ಪೂರ್ತಿಯನ್ನೇ 12 ಗಂಟೆಗೊಮ್ಮೆ ಬರೆದು, ಒಂದೊಂದು ಡೋಸನ್ನೂ ಮೂರು ಗಂಟೆ ಹಿಡಿದು ನಿಧಾನವಾಗಿ ಹರಿಸಲು ನರ್ಸ್‌ಗೆ ಹೇಳುತ್ತಾರೆ. ನಿಧಾನವಾಗಿ ಹರಿದರೆ ಬೇಕಾದ ಮಟ್ಟದ ಮೇಲೆ ನಿಲ್ಲುವ ಹೊತ್ತು ಇನ್ನಷ್ಟು ಹಿಗ್ಗುತ್ತದೆ.

ಮರುದಿನ ಕ್ರಿಯಾಟಿನಿನ್ 1.9. ಲೆಕ್ಕಕ್ಕೆ ಜಿಎಫ್‌ಆರ್ 23, ಆದರೆ ಇಳಿಯುತ್ತಿರುವ ಅಂಕಿಯಾದ್ದರಿಂದ ನಿಜವಾದ ವೇಗ ಅದಕ್ಕಿಂತ ಹೆಚ್ಚಿರುತ್ತದೆ. ಮೂರನೆಯ ದಿನ 1.3, ಜಿಎಫ್‌ಆರ್ 33. ಜ್ವರ ಇಳಿದಿದೆ, ಹುಡುಗ ಎದ್ದು ಕೂತು ಅನ್ನ ಕೇಳುತ್ತಿದ್ದಾನೆ. 320 ಮಿ.ಗ್ರಾಂ 12 ಗಂಟೆಗೊಮ್ಮೆ ಎಂಬುದು ಈಗ ಪಟ್ಟಿಗೂ ಸರಿಹೊಂದುತ್ತದೆ. ಮೊದಲ ದಿನವೇ ಅರ್ಧಕ್ಕೆ ಇಳಿಸಿದ್ದರೆ, ಮೂರನೆಯ ದಿನ ಅದನ್ನು ಮತ್ತೆ ಏರಿಸಲು ಯಾರಾದರೂ ನೆನಪಿಡಬೇಕಿತ್ತು. ಕಿಡ್ನಿ ಚೇತರಿಸಿಕೊಂಡಿದೆ, ಡೋಸ್ ಶೀಟಿನಲ್ಲಿ ಮಾತ್ರ ಹಳೆಯ ಕಡಿತ ಹಾಗೇ ಮುಂದುವರಿದಿದೆ ಎಂಬುದು ವಾರ್ಡುಗಳಲ್ಲಿ ಸುಲಭವಾಗಿ ಆಗುವ ತಪ್ಪು. ಜ್ವರ 48ರಿಂದ 72 ಗಂಟೆಯಲ್ಲಿ ಇಳಿಯದಿದ್ದರೆ ಔಷಧ ಬದಲಿಸುವ ಮುನ್ನ, ಇಂದಿನ ಕ್ರಿಯಾಟಿನಿನ್‌ಗೆ ಇಂದಿನ ಡೋಸ್ ಹೊಂದಿದೆಯೇ ಎಂದು ನೋಡಬೇಕು. ಕಲ್ಚರ್ ವರದಿಯಲ್ಲಿ ಔಷಧ ಕೆಲಸ ಮಾಡಬೇಕು ಎಂದಿದ್ದೂ ಜ್ವರ ಬಿಡದಿರುವುದಕ್ಕೆ ಇದೂ ಒಂದು ಕಾರಣವಾಗಿರುತ್ತದೆ.

ಇಲ್ಲಿ ಮೂತ್ರದ ಬಗ್ಗೆ ಒಂದು ಮಾತು. ಸಾಮಾನ್ಯ ಮಗುವಿನಲ್ಲಿ ಕಿಲೋಗೆ ಗಂಟೆಗೆ ಅರ್ಧ ಮಿಲಿಲೀಟರ್‌ಗಿಂತ ಕಡಿಮೆ ಮೂತ್ರ ಹಲವು ಗಂಟೆ ಮುಂದುವರಿದರೆ, 16 ಕಿಲೋ ಮಗುವಿಗೆ ಗಂಟೆಗೆ 8 ಮಿ.ಲೀ., ಕಿಡ್ನಿ ತೊಂದರೆಯಲ್ಲಿದೆ ಎಂದರ್ಥ. ಪೂರ್ತಿ ನಿಂತರೆ ಕ್ರಿಯಾಟಿನಿನ್ ಎಷ್ಟೇ ತೋರಿಸಲಿ, ಸೋಸುವಿಕೆ 10ಕ್ಕಿಂತ ಕಡಿಮೆ ಎಂದೇ ಹಿಡಿದು ಔಷಧ ಹೊಂದಿಸುತ್ತಾರೆ. ಆದರೆ ಪೊರೆಯ ಕಾಯಿಲೆಯ ಈ ಮಕ್ಕಳ ಕಿಡ್ನಿ ನೀರನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯನ್ನೇ ಕಳೆದುಕೊಂಡಿರುತ್ತದೆ. ಸೋಸುವಿಕೆ ತೀರಾ ಕಡಿಮೆಯಾಗಿದ್ದರೂ ತಿಳಿ ನೀರಿನಂಥ ಮೂತ್ರ ಧಾರಾಳವಾಗಿ ಹೋಗುತ್ತಲೇ ಇರುತ್ತದೆ. 'ಉಚ್ಚೆ ಚೆನ್ನಾಗಿ ಹೋಗ್ತಾ ಇದೆಯಲ್ಲ ಡಾಕ್ಟ್ರೇ' ಎಂದು ತಾಯಿ ಸಮಾಧಾನಪಟ್ಟುಕೊಳ್ಳುವುದು ಸಹಜ. ಇಲ್ಲಿ ಆ ಸಮಾಧಾನಕ್ಕೆ ಆಧಾರವಿಲ್ಲ. ವಾಂತಿಭೇದಿ ಬಂದಾಗ ಇವರು ಬೇರೆ ಮಕ್ಕಳಿಗಿಂತ ಬೇಗ ಒಣಗುವುದೂ ಇದೇ ಕಾರಣಕ್ಕೆ.

ಸೊರಗಿದ ಮಗುವಿನಲ್ಲಿ ಇನ್ನೊಂದು ಬಲೆ ಇದೆ. ಸ್ನಾಯುವೇ ಇಲ್ಲದ ಮಗುವಿನಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ. ಕಿಡ್ನಿ ಅರ್ಧ ಸೋತಿದ್ದರೂ ಅಂಕಿ 0.5ರಲ್ಲೇ ಉಳಿಯಬಹುದು, ಸೂತ್ರ ಎಲ್ಲ ಸರಿಯಾಗಿದೆ ಎನ್ನಬಹುದು. ಅಂಥಲ್ಲಿ ಸ್ನಾಯುವನ್ನು ಅಷ್ಟಾಗಿ ನೆಚ್ಚದ ಸಿಸ್ಟಾಟಿನ್ ಸಿ ಎಂಬ ಪರೀಕ್ಷೆ ಸಹಾಯಕ್ಕೆ ಬರುತ್ತದೆ, ಎಲ್ಲ ಊರುಗಳಲ್ಲಿ ಸಿಗುವುದಿಲ್ಲ. ಸಿಗದಿದ್ದರೆ ಮಗುವಿನ ಹಿಂದಿನ ವರದಿಯೇ ಒಳ್ಳೆಯ ಅಳತೆಗೋಲು. ಹೋದ ತಿಂಗಳು 0.3 ಇದ್ದದ್ದು ಈಗ 0.6 ಆಗಿದ್ದರೆ ಸೋಸುವಿಕೆ ಸುಮಾರಾಗಿ ಅರ್ಧಕ್ಕಿಳಿದಿದೆ. ಎರಡು ಅಂಕಿಗಳೂ ಅಚ್ಚಾದ ಕಾಲಂನ ಮೇಲಿನ ಮಿತಿಯನ್ನು ದಾಟಿರುವುದಿಲ್ಲ.

ಔಷಧ ಹೆಚ್ಚಾಗಿ ಸೇರಿಕೊಂಡಾಗ ಅದು ಹೇಗೆ ತೋರುತ್ತದೆ? ಈ ಮನೆತನದ ಸೆಫೆಪಿಮ್ ಮಿದುಳಿನ ಮೇಲೆ ತನ್ನ ಪ್ರಭಾವ ತೋರುತ್ತದೆ. ಜ್ವರ ಇಳಿದು ಚುರುಕಾಗಬೇಕಿದ್ದ ಮಗು ಮಂಕಾಗುತ್ತದೆ, ಮಾತು ತಡವರಿಸುತ್ತದೆ, ಕೈಕಾಲು ಬೆಚ್ಚಿದಂತೆ ಎಗರುತ್ತವೆ, ಕೆಲವೊಮ್ಮೆ ಫಿಟ್ಸ್ ಬರುತ್ತದೆ. ಹೊರಗೆ ಏನೂ ಕಾಣದೆ ಮಿದುಳಿನೊಳಗೇ ಫಿಟ್ಸ್ ನಡೆಯುತ್ತಿರುವುದೂ ಉಂಟು, ಆಗ ಇಇಜಿ ಮಾಡಿದರೆ ಮಾತ್ರ ತಿಳಿಯುತ್ತದೆ. ಸೋಂಕೇ ತಲೆಗೆ ಏರಿತು ಎಂದುಕೊಂಡು ಔಷಧ ಹೆಚ್ಚಿಸಿದರೆ ಅನಾಹುತ, ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಮಗು ಸರಿಹೋಗುತ್ತದೆ. ಅಮಿಕಾಸಿನ್‌ನ ಹಾನಿ ಸದ್ದಿಲ್ಲದ್ದು. ಐದಾರು ದಿನದ ಮೇಲೆ ಕ್ರಿಯಾಟಿನಿನ್ ನಿಧಾನವಾಗಿ ಏರತೊಡಗುತ್ತದೆ, ಮೂತ್ರ ಕಡಿಮೆಯಾಗದೇ ಇರಬಹುದು. ಕಿಡ್ನಿಗೆ ಆದದ್ದು ಬಹುಪಾಲು ಹಿಂತಿರುಗುತ್ತದೆ. ಕಿವಿಗೆ ಆದದ್ದು ಹಿಂತಿರುಗುವುದಿಲ್ಲ. ಮೊದಲು ಹೋಗುವುದು ತಾರಸ್ವರದ ಸದ್ದುಗಳು, ಹಾಗಾಗಿ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಈ ಗುಂಪಿನ ಇಂಜೆಕ್ಷನ್ ಹಲವು ದಿನ ಪಡೆದ ಮಗುವಿಗೆ ಆಮೇಲೆ ಶ್ರವಣ ಪರೀಕ್ಷೆ ಮಾಡಿಸಲೇಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ವ್ಯಾಂಕೊಮೈಸಿನ್ ಈ ಎರಡು ಗುಂಪಿನ ನಡುವೆ ನಿಲ್ಲುತ್ತದೆ. ಅದಕ್ಕೆ ಎತ್ತರವೂ ಹೊತ್ತೂ ಸೇರಿದ ದಿನದ ಒಟ್ಟು ಲೆಕ್ಕ ಮುಖ್ಯ. ಕಿಡ್ನಿ ಕುಗ್ಗಿದ ಮಗುವಿಗೆ ಕಿಲೋಗೆ 15 ಮಿ.ಗ್ರಾಂ ಒಂದು ಡೋಸ್ ಕೊಟ್ಟು, ರಕ್ತದ ಮಟ್ಟ ಅಳೆದು, ಇಳಿದ ಮೇಲೆ ಮುಂದಿನದು ಕೊಡುವುದು ಸುರಕ್ಷಿತ. ಮಟ್ಟ ಅಳೆಯಲು ಸಾಧ್ಯವಿಲ್ಲದ ಆಸ್ಪತ್ರೆಯಲ್ಲಿ ಇಂಥ ಮಗುವಿಗೆ ದಿನಗಟ್ಟಲೆ ಇದನ್ನು ಕೊಡುತ್ತಾ ಹೋಗುವುದು ಅಪಾಯ, ಅಳೆಯುವ ಕಡೆಗೆ ಕಳಿಸಬೇಕು ಇಲ್ಲವೇ ಬೇರೆ ಔಷಧ ಹುಡುಕಬೇಕು. ಡಯಾಲಿಸಿಸ್ ನಡೆಯುತ್ತಿರುವ ಮಕ್ಕಳ ಲೆಕ್ಕವೇ ಬೇರೆ. ಯಂತ್ರ ಹಲವು ಆಂಟಿಬಯಾಟಿಕ್‌ಗಳನ್ನು ಎಳೆದುಹಾಕುವುದರಿಂದ ಅಂದಿನ ಡೋಸನ್ನು ಡಯಾಲಿಸಿಸ್ ಮುಗಿದ ಮೇಲೆ ಕೊಡುತ್ತಾರೆ.

ಮನೆಯಲ್ಲಿ ಬಾಯಿಗೆ ಕೊಡುವ ಔಷಧಕ್ಕೂ ಈ ವಿಚಾರ ಬಿಡುವಂತಿಲ್ಲ. ಅಮಾಕ್ಸಿಸಿಲಿನ್ ಸಿರಪ್ ಜಿಎಫ್‌ಆರ್ 30ರ ಮೇಲಿರುವವರೆಗೆ ಸಾಮಾನ್ಯ ಲೆಕ್ಕದಲ್ಲೇ ನಡೆಯುತ್ತದೆ. 10ರಿಂದ 30ರೊಳಗೆ ಬಂದರೆ ದಿನಕ್ಕೆರಡೇ ಸಲ, ಕಿಲೋಗೆ 15 ಮಿ.ಗ್ರಾಂ ಮೀರದಂತೆ. ಮೂತ್ರದ ಸೋಂಕು ಬಾರದಿರಲೆಂದು ದಿನವೂ ರಾತ್ರಿ ಕೊಡುವ ನೈಟ್ರೋಫ್ಯುರಾಂಟೊಯಿನ್ ನಮ್ಮ ಹುಡುಗನಂಥವರಿಗೆ ಡೋಸ್ ಹೊಂದಿಸಿಯೂ ಪ್ರಯೋಜನವಿಲ್ಲ. ಅದು ಕೆಲಸ ಮಾಡಬೇಕಾದದ್ದು ಮೂತ್ರದಲ್ಲಿ. ಕಿಡ್ನಿ ಕುಗ್ಗಿದಾಗ ಮೂತ್ರಕ್ಕೆ ಸಾಕಷ್ಟು ಇಳಿಯದೆ ರಕ್ತದಲ್ಲಿ ಉಳಿದು ನರಗಳಿಗೆ ತೊಂದರೆ ಕೊಡುತ್ತದೆ. ಕೊಟ್ರೈಮಾಕ್ಸಜೋಲ್ ಕೊಟ್ಟರೆ ಪೊಟ್ಯಾಸಿಯಂ ಏರುವ ಭಯವಿದೆ. ಅದರಲ್ಲಿರುವ ಟ್ರೈಮೆಥೊಪ್ರಿಮ್ ಕ್ರಿಯಾಟಿನಿನ್ ಮೂತ್ರಕ್ಕೆ ಹೋಗುವ ಒಂದು ದಾರಿಯನ್ನು ಮುಚ್ಚುವುದರಿಂದ, ಸೋಸುವಿಕೆ ಇಳಿಯದಿದ್ದರೂ ವರದಿಯ ಅಂಕಿ ಸ್ವಲ್ಪ ಮೇಲೇರಿ ಕಾಣುವುದೂ ಉಂಟು.

ಆಂಟಿಬಯಾಟಿಕ್ ಲೆಕ್ಕವನ್ನು ಎಷ್ಟೇ ಸರಿಯಾಗಿ ಹಾಕಿದರೂ ಅದನ್ನು ಕೆಡಿಸುವುದು ಹಲವು ಸಲ ಜ್ವರದ ಸಿರಪ್. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ನಮ್ಮ ಮೆಡಿಕಲ್ ಶಾಪುಗಳಲ್ಲಿ ಮಕ್ಕಳ ಜ್ವರಕ್ಕೆ ಸಲೀಸಾಗಿ ಸಿಗುತ್ತವೆ. ಮೈ ಒಣಗಿರುವಾಗ ಇವು ಕಿಡ್ನಿಗೆ ಹೋಗುವ ರಕ್ತವನ್ನು ಇನ್ನಷ್ಟು ಕುಗ್ಗಿಸುತ್ತವೆ. ಬೆಳಿಗ್ಗೆ 39 ಎಂದು ಲೆಕ್ಕ ಹಾಕಿ ಬರೆದ ಡೋಸ್ ಸಂಜೆಯ ಹೊತ್ತಿಗೆ ಬೇರೆಯೇ ಕಿಡ್ನಿಗೆ ಹೋಗುತ್ತಿರುತ್ತದೆ. ಇಂಥ ಮಕ್ಕಳಿಗೆ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ.

ಐದನೆಯ ದಿನ ಹುಡುಗನ ಕ್ರಿಯಾಟಿನಿನ್ ಮತ್ತೆ 1.1ಕ್ಕೆ ಬಂದು ನಿಂತಿತು. ಕಲ್ಚರ್‌ನಲ್ಲಿ ಬೆಳೆದದ್ದು ಡಾಕ್ಟರು ಊಹಿಸಿದ ಇ. ಕೋಲೈ. ಮೆರೋಪೆನಮ್ ಅದೇ 320 ಮಿ.ಗ್ರಾಂ, ಅದೇ 12 ಗಂಟೆಯ ಅಂತರದಲ್ಲಿ ಹತ್ತು ದಿನ ಪೂರೈಸಿತು. 39 ಅವನ ನಿತ್ಯದ ಮಟ್ಟವಾದ್ದರಿಂದ ಎಂಟು ಗಂಟೆಗೊಮ್ಮೆ ಎಂಬ ಸಾಮಾನ್ಯ ಲೆಕ್ಕಕ್ಕೆ ಅವನು ಹೋಗುವಂತಿಲ್ಲ. ಡಿಸ್‌ಚಾರ್ಜ್ ಚೀಟಿಯ ಮೇಲ್ತುದಿಯಲ್ಲಿ, ಕಾಯಿಲೆಯ ಹೆಸರಿಗಿಂತ ಮೊದಲು, ಡಾಕ್ಟರು ನಾಲ್ಕು ಸಾಲು ಬರೆದರು: ತೂಕ 16, ಎತ್ತರ 104, ಚೆನ್ನಾಗಿದ್ದಾಗಿನ ಕ್ರಿಯಾಟಿನಿನ್ 1.1, ಜಿಎಫ್‌ಆರ್ 39. ಮುಂದಿನ ಸಲ ಯಾವುದೇ ಊರಿನ ಯಾವುದೇ ಡಾಕ್ಟರು ಎರಡನೆಯ ಡೋಸ್ ಬರೆಯುವ ಮುನ್ನ ಕೇಳುವುದು ಇವನ್ನೇ. ಎತ್ತರ ಮತ್ತು ತೂಕವನ್ನು ಮೂರು ತಿಂಗಳಿಗೊಮ್ಮೆ ಅಂಗನವಾಡಿಯಲ್ಲೋ ಆಸ್ಪತ್ರೆಯಲ್ಲೋ ಅಳೆಸಿ ಅದೇ ಚೀಟಿಯ ಹಿಂಭಾಗದಲ್ಲಿ ಬರೆಸುತ್ತಾ ಹೋಗುವಂತೆ ತಾಯಿಗೆ ಹೇಳಿದರು.